ಬಡ್ತಿ ಸುದ್ದಿಯನ್ನು ಟೀಮ್‌ಗೆ ತಿಳಿಸುವ ಮೆಸೇಜ್: ಈ ಡ್ರಾಫ್ಟ್ ನೋಡಿ ಹೇಳ್ತೀರಾ?

ಪಿ.ಬಿ. ರೋಡ್ ಆಫೀಸು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಪಂಪ್‌ಸೆಟ್, ಡ್ರಿಪ್ ಸಾಮಾನು ಮಾರುವ ಒಂದು ಸಂಸ್ಥೆಯಲ್ಲಿ ನಾನು ಆಫೀಸ್ ಆಡಳಿತ ನೋಡಿಕೊಳ್ಳುತ್ತೇನೆ. ಚಿತ್ರದುರ್ಗದಲ್ಲಿ ನಮ್ಮ ಒಂದು ಬ್ರಾಂಚ್ ಇದೆ. ಅಲ್ಲಿನ ಮ್ಯಾನೇಜರ್ ಕೆಲಸ ಬಿಟ್ಟಿದ್ದಾರೆ. ಆ ಜಾಗಕ್ಕೆ ಇಲ್ಲಿ ಸ್ಟೋರ್, ಬಿಲ್ಲಿಂಗ್ ನೋಡುತ್ತಿದ್ದ ನಮ್ಮ ಸಹೋದ್ಯೋಗಿಗೆ ಬಡ್ತಿ ಕೊಟ್ಟು ಕಳಿಸುತ್ತಿದ್ದಾರೆ. ಇಲ್ಲಿ ಅವರನ್ನು ಮಂಜುಳಾ ಎಂದು ಕರೆಯುತ್ತೇನೆ, ನಿಜವಾದ ಹೆಸರಲ್ಲ.

ಆಫೀಸಿನ ವಾಟ್ಸಾಪ್ ಗ್ರೂಪಿಗೂ ನೋಟಿಸ್ ಬೋರ್ಡಿಗೂ ಹಾಕಲು ಮಾಲೀಕರು ಒಂದು ಡ್ರಾಫ್ಟ್ ಬರೆದು ಕೊಟ್ಟಿದ್ದಾರೆ. "ಬೆಚ್ಚಗಿರಲಿ, ಚಿಕ್ಕದಾಗಿರಲಿ, ನೀನು ಒಂದ್ಸಲ ನೋಡಿ ಹಾಕಮ್ಮ" ಎಂದಿದ್ದಾರೆ. ಓದಿದಾಗ ಏನೋ ಸರಿಯಿಲ್ಲ ಅನಿಸುತ್ತಿದೆ. ಏನು ಅಂತ ಬೊಟ್ಟು ಮಾಡಿ ತೋರಿಸಲು ಆಗುತ್ತಿಲ್ಲ. ಡ್ರಾಫ್ಟ್ ಹೀಗಿದೆ:

"ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಯ ಹೆಮ್ಮೆಯ, ಕ್ರಿಯಾಶೀಲ, ಎಲ್ಲರ ಅಚ್ಚುಮೆಚ್ಚಿನ ಮಂಜುಳಾ ಅವರು ಸೋಮವಾರ, 2026ರ ಜುಲೈ 1ರಿಂದ ಚಿತ್ರದುರ್ಗ ಬ್ರಾಂಚ್ ಇನ್‌ಚಾರ್ಜ್ ಆಗಿ ಸಂಪೂರ್ಣ ಜವಾಬ್ದಾರಿ ವಹಿಸಿಕೊಳ್ಳಲಿದ್ದಾರೆ. ಇಬ್ಬರು ಮಕ್ಕಳ ತಾಯಿಯಾಗಿದ್ದರೂ ಸಂಸಾರ, ಕೆಲಸ ಎರಡನ್ನೂ ಸರಿದೂಗಿಸಿಕೊಂಡು ಈ ಮಟ್ಟಕ್ಕೆ ಬೆಳೆದಿದ್ದಾರೆ. ವಾರಂಟಿ ಮೋಟರ್‌ಗಳ ಸಮಸ್ಯೆಯನ್ನು ಒಬ್ಬರೇ ನಿಂತು ಬಗೆಹರಿಸಿದವರು ಇವರು. ಇನ್ನು ಮುಂದೆ ಬ್ರಾಂಚ್‌ನ ಎಲ್ಲಾ ವ್ಯವಹಾರಕ್ಕೂ ಅವರನ್ನೇ ಸಂಪರ್ಕಿಸಿ. ಇದರ ಜೊತೆಗೆ ಹೊಸ ಸರ್ವಿಸ್ ಎಂಜಿನಿಯರ್ ಒಬ್ಬರು ನಮ್ಮ ಕುಟುಂಬ ಸೇರುತ್ತಿದ್ದಾರೆ. ಇಬ್ಬರಿಗೂ ಹಾರ್ದಿಕ ಅಭಿನಂದನೆಗಳು."

ಇನ್ನೊಂದು ವಿಷಯವನ್ನೂ ಹೇಳಬೇಕು. ದುರ್ಗದ ಬ್ರಾಂಚ್‌ನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ, ಹದಿನಾರು ವರ್ಷದ ಸರ್ವಿಸ್. ಈ ಜಾಗ ತಮಗೇ ಸಿಗುತ್ತದೆ ಎಂದು ಅವರು ನಂಬಿದ್ದರು. ಅವರಿಗೆ ಇನ್ನೂ ಯಾರೂ ಏನೂ ಹೇಳಿಲ್ಲ.

ವಿದ್ಯಾನಗರ ವಾಸಿ

ಅಭಿನಂದನೆಗಳು ಮೇಡಂ! ನಮ್ಮ ಶಾಲೆಯಲ್ಲಿ ಮುಖ್ಯಶಿಕ್ಷಕಿ ಆದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದ್ದೆವು. ಸ್ವಾಗತ ಭಾಷಣ, ನಿರೂಪಣೆ ಎಲ್ಲಾ ನನ್ನ ಹತ್ತಿರ ಬರೆದದ್ದೇ ಇದೆ. ಬೇಕಾದರೆ ಕಳಿಸುತ್ತೇನೆ. ಫ್ಲೆಕ್ಸ್ ಮಾಡಿಸುವುದಾದರೆ ಎರಡು ದಿನ ಮೊದಲೇ ಹೇಳಿ, ಪರಿಚಯದವರಿದ್ದಾರೆ.

ಪಿ.ಬಿ. ರೋಡ್ ಆಫೀಸು

ಥ್ಯಾಂಕ್ಸ್ ಮೇಡಂ. ಸಮಾರಂಭ ಏನೂ ಇಲ್ಲ, ಸಂಜೆ ಮಂಡಕ್ಕಿ, ಮಿರ್ಚಿ, ಚಹಾ ಅಷ್ಟೇ. ನಾನು ಕೇಳಿದ್ದು ಮೆಸೇಜ್ ಬಗ್ಗೆ.

ಹರಿಹರ ನಿವೃತ್ತ

ನಾನು ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಇದ್ದವನು. ಇಂಥ ಸುತ್ತೋಲೆ ಬರೆಯುವುದೇ ಕೆಲಸವಾಗಿತ್ತು. ಮೇಡಂ, ಡ್ರಾಫ್ಟ್ ಆಮೇಲೆ ನೋಡೋಣ. ನಿಮ್ಮ ಕೊನೆಯ ಸಾಲೇ ಮೊದಲನೆಯ ಕೆಲಸ. ಆ ಮೆಕ್ಯಾನಿಕ್‌ಗೆ ಸುದ್ದಿ ಗ್ರೂಪಿನಲ್ಲಿ ಗೊತ್ತಾಗಬಾರದು.

ನಿಮ್ಮ ಮೆಸೇಜನ್ನು ಇಡೀ ಟೀಮ್ ಓದುತ್ತದೆ, ನಿಜ. ಆದರೆ ಅದು ನೋವು ಕೊಡುವುದು ಒಬ್ಬರಿಗೆ ಮಾತ್ರ. ಹದಿನಾರು ವರ್ಷ ದುಡಿದವರು ಬೋರ್‌ವೆಲ್ ಹತ್ತಿರ ನಿಂತು ಮೋಟರ್ ಎತ್ತಿಸುತ್ತಿರುವಾಗ ಫೋನಿನಲ್ಲಿ ಇದನ್ನು ಓದಿದರೆ ಹೇಗಿರುತ್ತದೆ? ಕೆಳಗೆ ಮೂವತ್ತು ಜನ ಹೂಗುಚ್ಛದ ಚಿತ್ರ ಹಾಕಿರುತ್ತಾರೆ. ಅವರೂ ಒಂದು ಹಾಕಲೇಬೇಕಾಗುತ್ತದೆ. ಆ ಸಿಟ್ಟು ಮಂಜುಳಾ ಅವರ ಮೇಲೆ ತಿರುಗುತ್ತದೆ. ಆ ಹೆಣ್ಣುಮಗಳು ಮಾಡಿದ ತಪ್ಪಾದರೂ ಏನು?

ಹೇಳಬೇಕಾದವರು ಮಾಲೀಕರು. ನೀವೂ ಅಲ್ಲ, ಮಂಜುಳಾ ಅವರೂ ಅಲ್ಲ. ಫೋನಿನಲ್ಲೂ ಬೇಡ. ದಾವಣಗೆರೆಯಿಂದ ದುರ್ಗ ಸುಮಾರು 60 ಕಿಲೋಮೀಟರ್, ಹೈವೇ ಇದೆ. ಬೆಳಿಗ್ಗೆ ಹೊರಟರೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬಹುದು. ಕೂರಿಸಿಕೊಂಡು ಮೂರು ಮಾತು ಹೇಳಲಿ. ನಿರ್ಧಾರ ಏನು, ಕಾರಣ ಏನು, ನಿಮ್ಮ ಕೆಲಸದಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ. "ಮುಂದಿನ ಸಲ ನಿಮಗೇ" ಎಂದು ಮಾತ್ರ ಹೇಳಬಾರದು. ಆ ಹೊತ್ತಿಗೆ ಹಿತ ಅನಿಸುತ್ತದೆ, ಆದರೆ ಅದನ್ನು ಅವರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಮಾತು ಮುಗಿದ ಒಂದೆರಡು ಗಂಟೆಯೊಳಗೆ ಮೆಸೇಜ್ ಹೊರಡಬೇಕು. ಒಂದು ರಾತ್ರಿ ಕಳೆಯಲು ಬಿಟ್ಟರೆ ಸುದ್ದಿ ತಾನೇ ಓಡಾಡುತ್ತದೆ, ಬೇರೆ ರೂಪದಲ್ಲಿ.

ದುರ್ಗದ ಹುಡುಗ

ಹೌದು ಸರ್. ಹೋದ ವರ್ಷ ನನಗೆ ಒಂದು ಶೋರೂಮಿನಲ್ಲಿ ಬಡ್ತಿ ಸಿಕ್ಕಿತು. ನನ್ನ ಸೀನಿಯರ್‌ಗೆ ಯಾರೂ ಹೇಳಿರಲಿಲ್ಲ. ಮೆಸೇಜ್ ಬರುವ ಮೊದಲೇ ಬೇರೆ ಬ್ರಾಂಚಿನವರು ನನಗೆ ಫೋನ್ ಮಾಡಿ ಕಂಗ್ರಾಟ್ಸ್ ಹೇಳತೊಡಗಿದರು. ಆಗಲೇ ಗೊತ್ತಾಯಿತು, ಸುದ್ದಿ ಸೋರಿದೆ ಅಂತ. ಸೀನಿಯರ್ ಅಣ್ಣ ಆರು ತಿಂಗಳು ನನ್ನ ಜೊತೆ ಬಾಯಿಬಿಟ್ಟು ಮಾತಾಡಲಿಲ್ಲ. ಸ್ಟಾಕ್ ಎಲ್ಲಿದೆ ಕೇಳಿದರೆ "ನೀನೇ ಅಲ್ವಾ ಸಾಹೇಬ, ಹುಡುಕ್ಕೋ" ಅನ್ನುತ್ತಿದ್ದ.

ಇನ್ನೊಂದು ಮಾತು. ನನ್ನ ಮೆಸೇಜ್ ನನಗೆ ತೋರಿಸದೆ ಹಾಕಿದ್ದರು. ಅದರಲ್ಲಿ "ಕಡುಬಡತನದಿಂದ ಬಂದ ಹುಡುಗ" ಅಂತ ಇತ್ತು. ನಮ್ಮ ಅಪ್ಪ ಓದಿದರು. ಏನೂ ಹೇಳಲಿಲ್ಲ, ಆದರೆ ಬೇಜಾರಾಗಿದ್ದು ಗೊತ್ತಾಯಿತು. ಮಂಜುಳಾ ಅಕ್ಕನಿಗೆ ದಯವಿಟ್ಟು ಮೊದಲೇ ತೋರಿಸಿ.

ಚಳ್ಳಕೆರೆ ಎಣ್ಣೆ ಮಿಲ್

ಬಡ್ತಿ ಅಂದರೆ ಸಂಬಳವೂ ಏರುತ್ತದೆ ಅಲ್ವಾ. ನಮ್ಮಲ್ಲಿ ಒಬ್ಬರಿಗೆ ಏರಿಸಿದಾಗ 21,000 ದಾಟಿತು. ಆ ತಿಂಗಳಿಂದಲೇ ಇ.ಎಸ್.ಐ. ನಿಂತುಹೋಗುತ್ತದೆ. ಅದನ್ನೂ ಮೆಸೇಜ್‌ನಲ್ಲಿ ಹಾಕಿಬಿಡಿ. ಆಮೇಲೆ ಆಸ್ಪತ್ರೆಗೆ ಹೋದಾಗ ಗಲಾಟೆ ಆಗುವುದು ಬೇಡ.

ಹರಿಹರ ನಿವೃತ್ತ

ಸರ್, 21,000 ಮಿತಿ ಎಂಬುದು ಸರಿ. ಆ ತಿಂಗಳಿಂದಲೇ ನಿಲ್ಲುತ್ತದೆ ಎಂಬುದು ಸರಿಯಲ್ಲ. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ವಂತಿಗೆ ಕಟ್ಟಬೇಕು. ಜುಲೈನಲ್ಲಿ ಏರಿದರೆ ಸೆಪ್ಟೆಂಬರ್ ಕೊನೆಯವರೆಗೆ ಕಟ್ಟುತ್ತೀರಿ. ನಿಮ್ಮವರದ್ದು ಹೇಗಾಯಿತು ಎಂದು ಒಮ್ಮೆ ನೋಡಿಕೊಳ್ಳಿ.

ಆದರೆ ಇದು ಮಂಜುಳಾ ಅವರಿಗೆ ಕೊಡುವ ಪತ್ರದ ವಿಷಯ, ಟೀಮ್‌ಗೆ ಹೋಗುವ ಮೆಸೇಜ್‌ನದ್ದಲ್ಲ. ಸಂಬಳದ ಸುಳಿವೂ ಅಲ್ಲಿ ಇರಬಾರದು. "ಇ.ಎಸ್.ಐ. ನಿಲ್ಲುತ್ತದೆ" ಎಂದು ಬರೆದರೆ ಸಂಬಳ 21,000 ದಾಟಿತು ಎಂದು ಊರಿಗೆಲ್ಲ ಹೇಳಿದ ಹಾಗಾಯಿತಲ್ಲ.

ಚಳ್ಳಕೆರೆ ಎಣ್ಣೆ ಮಿಲ್

ಅದೂ ನಿಜ ಬಿಡಿ. ನಮ್ಮ ಲೆಕ್ಕ ಬರೆಯುವವರನ್ನು ಕೇಳುತ್ತೇನೆ.

ಹರಿಹರ ನಿವೃತ್ತ

ಈಗ ಡ್ರಾಫ್ಟಿಗೆ ಬರೋಣ. ಮೇಡಂ, ಬಡ್ತಿ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಪತ್ರದಲ್ಲಿ ಹುದ್ದೆಯ ಹೆಸರು ಏನಿದೆ? ಯಾವ ತಾರೀಕು? ಮಂಜುಳಾ ಅವರು ಒಪ್ಪಿ ಸಹಿ ಮಾಡಿದ್ದಾರಾ? ಮತ್ತೆ, 2026ರ ಜುಲೈ 1 ಸೋಮವಾರ ಅಲ್ಲ, ಬುಧವಾರ. ಇಂಥದ್ದನ್ನು ಜನ ಮೊದಲು ಹಿಡಿಯುತ್ತಾರೆ. ಸೋಮವಾರವೋ, ಒಂದನೇ ತಾರೀಕೋ ಎಂದು ಹತ್ತು ಫೋನ್ ಬರುತ್ತವೆ.

ಪಿ.ಬಿ. ರೋಡ್ ಆಫೀಸು

ಸರ್, ಪತ್ರ ತೆಗೆದು ನೋಡಿದೆ. ಹುದ್ದೆ "ಬ್ರಾಂಚ್ ಮ್ಯಾನೇಜರ್" ಎಂದಿದೆ, ಇನ್‌ಚಾರ್ಜ್ ಅಲ್ಲ. ಜುಲೈ 1ರಿಂದ. ಆರು ತಿಂಗಳು ಪ್ರೊಬೇಷನ್. ಅವರು ಸಹಿ ಮಾಡಿದ್ದಾರೆ. ಐವತ್ತು ಸಾವಿರದವರೆಗೆ ಡೀಲರ್‌ಗಳಿಗೆ ಸಾಲದ ಮೇಲೆ ಮಾಲು ಕೊಡಬಹುದು, ಅದಕ್ಕಿಂತ ಜಾಸ್ತಿ ಆದರೆ ಮಾಲೀಕರನ್ನು ಕೇಳಬೇಕು. ಚೆಕ್ ಸಹಿ ಮೊದಲಿನ ಹಾಗೆ ಪಾರ್ಟ್‌ನರ್‌ಗಳದ್ದೇ.

ಹರಿಹರ ನಿವೃತ್ತ

ನೋಡಿ, ನಿಮಗೆ ಸರಿಯಿಲ್ಲ ಅನಿಸಿದ್ದು ಇಲ್ಲೇ ಇದೆ. ಡ್ರಾಫ್ಟಿನಲ್ಲಿ "ಸಂಪೂರ್ಣ ಜವಾಬ್ದಾರಿ", "ಎಲ್ಲಾ ವ್ಯವಹಾರ" ಎಂದು ಎರಡು ಸಲ ಬಂದಿದೆ. ಪತ್ರದಲ್ಲಿ ಹಾಗಿಲ್ಲ. ಜುಲೈ 2ಕ್ಕೇ ಯಾರಾದರೂ ಡೀಲರ್ ಬಂದು ಎರಡು ಲಕ್ಷದ ಮಾಲು ಸಾಲದ ಮೇಲೆ ಕೇಳುತ್ತಾರೆ. "ಎಲ್ಲಾ ನೀವೇ ಅಂತ ಮೆಸೇಜ್ ಬಂದಿತ್ತಲ್ಲ" ಎನ್ನುತ್ತಾರೆ. ಮಂಜುಳಾ ಅವರು ಮೊದಲ ವಾರವೇ "ಇಲ್ಲ, ನನ್ನ ಕೈಯಲ್ಲಿಲ್ಲ" ಎನ್ನಬೇಕು. ಹೊಗಳಲು ಬರೆದ ಮಾತೇ ಅವರನ್ನು ಚಿಕ್ಕದಾಗಿಸುತ್ತದೆ.

ಹಾಗಂತ ಐವತ್ತು ಸಾವಿರ ಎಂದು ಗ್ರೂಪಿನಲ್ಲಿ ಬರೆಯಬೇಕಿಲ್ಲ. ಅದು ಅಕೌಂಟ್ಸ್‌ಗೂ ಸೇಲ್ಸ್‌ನವರಿಗೂ ಬೇರೆ ಕಾಗದದಲ್ಲಿ ಹೋಗಲಿ. ಟೀಮ್‌ಗೆ ಬೇಕಾದ್ದು ಇಷ್ಟೇ: ಆ ತಾರೀಕಿನಿಂದ ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು. ರಜೆ, ಹಾಜರಿ, ಬ್ರಾಂಚ್ ಸ್ಟಾಕ್, ಡೀಲರ್ ಆರ್ಡರ್ ಮಂಜುಳಾ ಅವರ ಹತ್ತಿರ ಎಂದು ಹೆಸರಿಟ್ಟು ಬರೆಯಿರಿ.

ಇನ್ನು ದಾವಣಗೆರೆ ಕಡೆ. ಅವರು ಇಲ್ಲಿ ಮಾಡುತ್ತಿದ್ದ ಕೆಲಸ ಯಾರಿಗೆ? ಡ್ರಾಫ್ಟಿನಲ್ಲಿ ಒಂದಕ್ಷರ ಇಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ. ಬಡ್ತಿ ಸಿಕ್ಕವರು ಹೊಸ ಊರಿನಲ್ಲಿ ಕೂತು ಹಳೆ ಕೆಲಸದ ಫೋನ್ ಎತ್ತುತ್ತಲೇ ಇರುತ್ತಾರೆ.

ಪಿ.ಬಿ. ರೋಡ್ ಆಫೀಸು

ಅದನ್ನು ಮಾಲೀಕರು ಇನ್ನೂ ನಿರ್ಧರಿಸಿಯೇ ಇಲ್ಲ ಸರ್. ಕೇಳಿದರೆ "ಸದ್ಯ ಮಂಜುಳಾನೇ ಫೋನ್‌ನಲ್ಲಿ ನೋಡ್ಕೋತಾಳೆ ಬಿಡು" ಎಂದರು.

ಹರಿಹರ ನಿವೃತ್ತ

ಹಾಗಾದರೆ ಮೆಸೇಜ್ ಇವತ್ತು ಬೇಡ. ಬಿಲ್ಲಿಂಗ್ ಯಾರಿಗೆ ಎಂದು ಮೊದಲು ತೀರ್ಮಾನ ಆಗಲಿ. ತಾತ್ಕಾಲಿಕ ಆದರೂ ಪರವಾಗಿಲ್ಲ, ಒಂದು ಹೆಸರು ಬೇಕು. ಜೊತೆಗೆ, ಯಾವ ತಾರೀಕಿನವರೆಗೆ ಮಂಜುಳಾ ಅವರು ಕೈಜೋಡಿಸುತ್ತಾರೆ ಎಂದು ಒಂದು ಗಡಿ ಹಾಕಿ.

ಹೊಸ ಎಂಜಿನಿಯರ್ ಬಗ್ಗೆಯೂ ಕೇಳಬೇಕಿತ್ತು. ಅವರು ಈಗ ಎಲ್ಲಿದ್ದಾರೆ?

ಪಿ.ಬಿ. ರೋಡ್ ಆಫೀಸು

ಬೇರೆ ಒಂದು ಕಡೆ ಕೆಲಸದಲ್ಲಿದ್ದಾರೆ ಸರ್. ನಮ್ಮ ಆಫರ್ ಒಪ್ಪಿದ್ದಾರೆ. ಅಲ್ಲಿ ಇನ್ನೂ ರಾಜೀನಾಮೆ ಕೊಟ್ಟಿಲ್ಲ ಅನಿಸುತ್ತದೆ.

ಹರಿಹರ ನಿವೃತ್ತ

ಆ ಸಾಲನ್ನು ಈಗಲೇ ಹೊಡೆದುಹಾಕಿ. ಪಂಪ್‌ಸೆಟ್ ವ್ಯಾಪಾರದಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ನಿಮ್ಮ ಗ್ರೂಪಿನ ಮೆಸೇಜ್ ಸಂಜೆಯೊಳಗೆ ಅವರ ಈಗಿನ ಮಾಲೀಕರ ಫೋನಿನಲ್ಲಿರುತ್ತದೆ. ಪಾಪ, ಅವರು ಬಾಯಿಬಿಡುವ ಮೊದಲೇ ಅಲ್ಲಿ ಕೆಲಸ ಕೆಡುತ್ತದೆ. ನೋಟಿಸ್ ಅವಧಿ ಮುಗಿದು, ನಿಮ್ಮಲ್ಲಿ ಬಂದು ಸೇರಿದ ದಿನ ಅವರಿಗೆಂದೇ ಬೇರೆ ಒಂದು ಮೆಸೇಜ್ ಹಾಕಿ. ಹಳೆ ಕಂಪನಿಯ ಹೆಸರು ಬರೆಯುವುದಾದರೆ ಅವರನ್ನು ಕೇಳಿಯೇ ಬರೆಯಿರಿ. ಮಂಜುಳಾ ಅವರ ಬಡ್ತಿಯ ಬಾಲಕ್ಕೆ ಅವರನ್ನು ಕಟ್ಟಬೇಡಿ. ಇಬ್ಬರಿಗೂ ಅನ್ಯಾಯ.

ಕೆ.ಬಿ. ಬಡಾವಣೆ

ಸರ್ ಹೇಳುವುದೆಲ್ಲ ಸರಿ. ಆದರೆ ಎಲ್ಲವನ್ನೂ ಕತ್ತರಿಸಿದರೆ ಸರ್ಕಾರಿ ಸುತ್ತೋಲೆಯ ಹಾಗೆ ಆಗುವುದಿಲ್ಲವಾ? ಮಾಲೀಕರು ಪ್ರೀತಿಯಿಂದ ಬರೆದಿದ್ದಾರೆ. ಇಬ್ಬರು ಮಕ್ಕಳನ್ನು ಸಾಕಿಕೊಂಡು ಮೇಲೆ ಬಂದವರು ಎಂದು ಹೇಳಿದರೆ ಬೇರೆ ಹೆಣ್ಣುಮಕ್ಕಳಿಗೂ ಧೈರ್ಯ ಬರುತ್ತದೆ. ನನಗೆ ಆ ಸಾಲು ಇಷ್ಟವಾಯಿತು.

ದುರ್ಗದ ಹುಡುಗ

ಮೇಡಂ, ನನಗೆ ಬಡ್ತಿ ಸಿಕ್ಕಾಗ "ಒಂದು ಮಗುವಿನ ತಂದೆಯಾಗಿದ್ದರೂ" ಅಂತ ಯಾರೂ ಬರೆಯಲಿಲ್ಲ.

ಹರಿಹರ ನಿವೃತ್ತ

ಕೆ.ಬಿ. ಬಡಾವಣೆಯವರೇ, ಅದನ್ನು ಹೇಳಬೇಕೋ ಬೇಡವೋ ಎನ್ನುವುದು ಮಂಜುಳಾ ಅವರ ಇಷ್ಟ. ಕೇಳಿ ನೋಡಲಿ. ನಾನಾದರೆ ಬಿಡುತ್ತಿದ್ದೆ.

ಬೆಚ್ಚಗಿರಬೇಕು ಎಂಬ ನಿಮ್ಮ ಮಾತು ಒಪ್ಪುತ್ತೇನೆ. ಬೆಚ್ಚಗಿರಲು "ಹೆಮ್ಮೆಯ, ಕ್ರಿಯಾಶೀಲ, ಅಚ್ಚುಮೆಚ್ಚಿನ" ಬೇಕಿಲ್ಲ. ಆ ಮೂರು ಮಾತನ್ನು ಯಾರ ಹೆಸರಿನ ಹಿಂದೆ ಇಟ್ಟರೂ ಕೂರುತ್ತವೆ. ಮಂಜುಳಾ ಅವರು ಮಾಡಿದ ಒಂದು ಕೆಲಸ ಹೇಳಿ, ಟೀಮ್‌ನವರು ಕಣ್ಣಾರೆ ಕಂಡದ್ದು. ಓದಿದವರು "ಹೌದಪ್ಪ, ಇದನ್ನು ಅವರೇ ಮಾಡಿದ್ದು" ಎನ್ನಬೇಕು. ಆ ವಾರಂಟಿ ವಿಷಯ ಏನು ಮೇಡಂ? ಅದರಲ್ಲಿ ಏನೋ ಇದ್ದ ಹಾಗಿದೆ.

ಪಿ.ಬಿ. ರೋಡ್ ಆಫೀಸು

ಅದು ನಿಜವಾಗಲೂ ದೊಡ್ಡ ಕೆಲಸ ಸರ್. ಸುಟ್ಟ ಮೋಟರ್ ರೈತರು ತಂದು ಕೊಡುತ್ತಾರೆ. ವಾರಂಟಿ ಇದ್ದರೆ ನಾವು ಕಂಪನಿಗೆ ಕಳಿಸುತ್ತೇವೆ. ಮೊದಲು ಯಾವ ಮೋಟರ್ ಯಾವಾಗ ಹೋಯಿತು, ವಾಪಸ್ ಬಂತಾ ಎನ್ನುವುದಕ್ಕೆ ಲೆಕ್ಕವೇ ಇರಲಿಲ್ಲ. ರೈತರು ದಿನಾ ಬಂದು ಜಗಳ ಆಡುತ್ತಿದ್ದರು. ಬೇಸಿಗೆಯಲ್ಲಿ ಅಡಿಕೆ ಗಿಡ ಒಣಗುತ್ತಿರುವಾಗ ಅವರಾದರೂ ಏನು ಮಾಡಿಯಾರು. ಮಂಜುಳಾ ಒಂದು ರಿಜಿಸ್ಟರ್ ಶುರು ಮಾಡಿದರು. ಮೋಟರ್ ಸೀರಿಯಲ್ ನಂಬರ್, ಬಿಲ್ ತಾರೀಕು, ರೈತರ ಫೋನ್, ಕಳಿಸಿದ ದಿನ, ಬಂದ ದಿನ. ಪ್ರತಿ ಶನಿವಾರ ಬಾಕಿ ಇರುವುದಕ್ಕೆಲ್ಲ ಕಂಪನಿಗೆ ಫೋನ್. ಈಗ ರೈತರು ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಆದರೆ "ಒಬ್ಬರೇ ನಿಂತು" ಎನ್ನುವುದು ಅಷ್ಟು ಸರಿಯಲ್ಲ. ಮೋಟರ್ ಯಾಕೆ ಸುಟ್ಟಿತು ಎಂದು ರಿಪೋರ್ಟ್ ಬರೆದುಕೊಟ್ಟರೆ ಮಾತ್ರ ಕಂಪನಿ ಒಪ್ಪುತ್ತದೆ. ನೀರಿಲ್ಲದೆ ಓಡಿ ಸುಟ್ಟಿದ್ದಾ, ವೋಲ್ಟೇಜ್ ಕಡಿಮೆ ಆಗಿ ಸುಟ್ಟಿದ್ದಾ, ವೈಂಡಿಂಗ್‌ನದ್ದೇ ದೋಷವಾ ಅಂತ ಬಿಚ್ಚಿ ನೋಡಿ ಬರೆಯಬೇಕು. ದುರ್ಗದಿಂದ ಬಂದ ಮೋಟರ್‌ಗಳ ರಿಪೋರ್ಟ್ ಎಲ್ಲಾ ಬರೆದವರು ಆ ಹಿರಿಯ ಮೆಕ್ಯಾನಿಕ್ಕೇ.

ಹರಿಹರ ನಿವೃತ್ತ

ಮೇಡಂ, ನೀವೇ ಉತ್ತರ ಹೇಳಿಬಿಟ್ಟಿರಿ. "ಒಬ್ಬರೇ" ಎಂಬ ಒಂದು ಮಾತು ಹೋಗಲೇಬೇಕು. ಹುದ್ದೆ ಕೈತಪ್ಪಿದವರ ಹದಿನಾರು ವರ್ಷದ ಕೆಲಸದ ಒಂದು ತುಂಡನ್ನೂ ಅದು ಕಿತ್ತು ಇನ್ನೊಬ್ಬರಿಗೆ ಕೊಡುತ್ತದೆ. ಅವರಿಗೂ ಗೊತ್ತು, ಅಂಗಡಿಯವರಿಗೆಲ್ಲ ಗೊತ್ತು. ರಿಜಿಸ್ಟರ್ ಮಂಜುಳಾ ಅವರದ್ದು, ರಿಪೋರ್ಟ್ ಸರ್ವಿಸ್ ಟೀಮ್‌ನದ್ದು. ಇದ್ದದ್ದು ಇದ್ದ ಹಾಗೆ ಬರೆದರೆ ಇಬ್ಬರಿಗೂ ಗೌರವ. ಮೆಕ್ಯಾನಿಕ್ ಹೆಸರು ಹಾಕಬೇಕೋ ಬೇಡವೋ ಎನ್ನುವುದನ್ನು ಮಾಲೀಕರು ಅವರನ್ನು ಭೇಟಿಯಾದ ಮೇಲೆ ನಿರ್ಧರಿಸಲಿ. ಕೆಲವರಿಗೆ ಅದು ಸಮಾಧಾನ ಮಾಡಲು ಹಾಕಿದ ಹಾಗೆ ಕಾಣುತ್ತದೆ.

ಕೆ.ಬಿ. ಬಡಾವಣೆ

ಪ್ರೊಬೇಷನ್ ವಿಷಯ ಬರೆಯಬೇಕಲ್ವಾ? ಪತ್ರದಲ್ಲಿ ಇದ್ದದ್ದೇ ಬರೆಯಬೇಕು ಎಂದಿರಿ.

ಹರಿಹರ ನಿವೃತ್ತ

ಬೇಡ ಎಂಬುದು ನನ್ನ ಅಭಿಪ್ರಾಯ. ಪತ್ರದಲ್ಲಿರುವುದಕ್ಕೆ ವಿರುದ್ಧವಾಗಿ ಬರೆಯಬಾರದು. ಇರುವುದನ್ನೆಲ್ಲ ಬರೆಯಬೇಕಾಗಿಲ್ಲ. "ಪ್ರೊಬೇಷನ್" ಎಂದು ಓದಿದವರು ಆರು ತಿಂಗಳು ಅವರ ಮಾತು ಕೇಳುವುದಿಲ್ಲ.

ಲೆಕ್ಕದ ಮನುಷ್ಯ

ನಾನು ಒಪ್ಪುವುದಿಲ್ಲ. ಆರು ತಿಂಗಳ ಮೇಲೆ ಅವರನ್ನು ವಾಪಸ್ ಕರೆಸಿಕೊಂಡರೆ ಟೀಮ್‌ಗೆ ಏನು ಹೇಳುತ್ತೀರಿ? ಆಗ ಅವಮಾನ ಜಾಸ್ತಿ. ಮೊದಲೇ ಗೊತ್ತಿದ್ದರೆ ಯಾರೂ ಏನೂ ಅನ್ನುವುದಿಲ್ಲ. ನಮ್ಮ ಸಂಸ್ಥೆಯಲ್ಲಿ ಬರೆಯುತ್ತೇವೆ, ತೊಂದರೆ ಆಗಿಲ್ಲ.

ಹರಿಹರ ನಿವೃತ್ತ

ನಿಮ್ಮಲ್ಲಿ ಎಲ್ಲರಿಗೂ ಬರೆಯುವ ರೂಢಿ ಇದ್ದರೆ ಸರಿ. ಇವರಲ್ಲಿ ಹಿಂದಿನವರಿಗೆ ಬರೆಯದೆ ಇವರೊಬ್ಬರಿಗೆ ಬರೆದರೆ ಜನ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ.

ಲೆಕ್ಕದ ಮನುಷ್ಯ

ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ ಸರ್. ಇರಲಿ.

ಜಗಳೂರು ಡೀಲರ್

ನಾನು ಇಂಥ ಮೆಸೇಜ್ ಓದುವ ಕಡೆಯವನು. ನನ್ನದೊಂದು ಮನವಿ. ಟೀಮ್‌ಗೆ ಬರೆದದ್ದನ್ನೇ ನಮಗೆ ಫಾರ್ವರ್ಡ್ ಮಾಡಬೇಡಿ. ರಜೆ ಯಾರು ಕೊಡುತ್ತಾರೆ, ಬಿಲ್ಲಿಂಗ್ ಯಾರಿಗೆ ಹೋಯಿತು ಎಂಬುದು ನಮಗೆ ಬೇಡ. ಹೊಸ ಮ್ಯಾನೇಜರ್ ಹೆಸರು, ಫೋನ್ ನಂಬರ್, ಯಾವ ತಾರೀಕಿನಿಂದ, ಇಷ್ಟು ಸಾಕು. ಒಂದು ಸಾಲು ಮಾತ್ರ ಖಂಡಿತ ಹಾಕಿ: ಸಂಸ್ಥೆಯ ಬ್ಯಾಂಕ್ ಖಾತೆ ಬದಲಾಗಿಲ್ಲ ಎಂದು. ಒಂದು ಕಂಪನಿಯಲ್ಲಿ ಮ್ಯಾನೇಜರ್ ಬದಲಾದ ಸುದ್ದಿ ಬಂದ ವಾರದಲ್ಲೇ ನನಗೊಂದು ಫೋನ್ ಬಂತು. "ನಾನೇ ಹೊಸ ಮ್ಯಾನೇಜರ್, ಇನ್ನು ಮುಂದೆ ಈ ಖಾತೆಗೆ ಹಾಕಿ" ಎಂದ. ದನಿ ಕೇಳಿ ಅನುಮಾನ ಬಂತು, ಹೆಡ್ ಆಫೀಸಿಗೆ ಫೋನ್ ಮಾಡಿದೆ. ಅಂಥ ಮನುಷ್ಯನೇ ಅಲ್ಲಿ ಇರಲಿಲ್ಲ.

ಪಿ.ಬಿ. ರೋಡ್ ಆಫೀಸು

ಇದು ನನಗೆ ಹೊಳೆದೇ ಇರಲಿಲ್ಲ ಅಣ್ಣ, ಖಂಡಿತ ಹಾಕುತ್ತೇನೆ.

ಎಲ್ಲರ ಮಾತನ್ನೂ ಬರೆದುಕೊಂಡು ಮಾಲೀಕರ ಹತ್ತಿರ ಹೋಗುತ್ತೇನೆ. ಏನಾಯಿತು ಎಂದು ಹೇಳುತ್ತೇನೆ.

ಪಿ.ಬಿ. ರೋಡ್ ಆಫೀಸು

ಮೆಸೇಜ್ ಇವತ್ತು ಹೋಯಿತು. ಹೇಗಾಯಿತು ಹೇಳುತ್ತೇನೆ.

ಮಾಲೀಕರು ಮೊದಲು ಒಪ್ಪಲಿಲ್ಲ. "ಒಂದು ಮೆಸೇಜ್‌ಗೆ ದುರ್ಗಕ್ಕೆ ಹೋಗಬೇಕಾ" ಎಂದರು. ವಾರಂಟಿ ರಿಪೋರ್ಟ್ ಬರೆದವರು ಯಾರು ಎಂದು ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಹೋಗ್ತೀನಿ" ಎಂದರು. ಮಂಜುಳಾಗೂ ಡ್ರಾಫ್ಟ್ ತೋರಿಸಿದೆ. ಮಕ್ಕಳ ಸಾಲು ಬೇಡ ಎಂದು ಅವರೇ ಹೇಳಿದರು. ಫೋಟೋ ಹಾಕಲು ಒಪ್ಪಿದರು, ಆದರೆ ತಾವೇ ಆರಿಸಿ ಕೊಡುತ್ತೇನೆ ಎಂದರು.

ಮೆಕ್ಯಾನಿಕ್ ಅಣ್ಣ ಮಾಲೀಕರ ಮಾತನ್ನು ಪೂರ್ತಿ ಕೇಳಿಸಿಕೊಂಡರಂತೆ. ಬೇಜಾರು ಮುಖದಲ್ಲೇ ಕಾಣುತ್ತಿತ್ತಂತೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದರಂತೆ: "ಯಾವ ಬೋರಿಗೆ ಯಾವಾಗ ಹೋಗಬೇಕು ಅಂತ ಇನ್ನು ಮೇಲೆ ಯಾರು ಹೇಳ್ತಾರೆ?" ಇಷ್ಟು ದಿನ ಅದನ್ನು ಅವರೇ ನಿರ್ಧರಿಸುತ್ತಿದ್ದರು. ಮಾಲೀಕರು ಅಲ್ಲೇ "ಅದು ನಿಮ್ಮದೇ, ಬದಲಾಗಲ್ಲ" ಎಂದರಂತೆ. ಕಾರಿನಿಂದ ನನಗೆ ಫೋನ್ ಮಾಡಿ ಆ ಸಾಲು ಸೇರಿಸಲು ಹೇಳಿದರು. ಮಂಜುಳಾ ಅವರಿಗೂ ಫೋನ್ ಮಾಡಿ ತಿಳಿಸಿದೆ. ನನಗೂ ಅದೇ ಬೇಕಿತ್ತು ಎಂದರು. ರಿಪೋರ್ಟ್ ಸಾಲಿನಲ್ಲಿ ಹೆಸರು ಹಾಕಬಹುದಾ ಎಂದು ಮಾಲೀಕರು ಕೇಳಿದ್ದಕ್ಕೆ ಮೆಕ್ಯಾನಿಕ್ ಅಣ್ಣ "ಸರ್ವಿಸ್ ಟೀಮ್ ಅಂತ ಹಾಕಿ, ಹುಡುಗರೂ ದುಡಿದಿದ್ದಾರೆ" ಎಂದರಂತೆ.

ಕೊನೆಗೆ ಹೋದದ್ದು ಇದು:

"ಎಲ್ಲರಿಗೂ ನಮಸ್ಕಾರ. 2026ರ ಜುಲೈ 1, ಬುಧವಾರದಿಂದ ಮಂಜುಳಾ ಅವರು ನಮ್ಮ ಚಿತ್ರದುರ್ಗ ಬ್ರಾಂಚ್‌ನ ಬ್ರಾಂಚ್ ಮ್ಯಾನೇಜರ್ ಆಗುತ್ತಾರೆ.

ಒಂಬತ್ತು ವರ್ಷದಿಂದ ಅವರು ದಾವಣಗೆರೆಯಲ್ಲಿ ಸ್ಟೋರ್ ಮತ್ತು ಬಿಲ್ಲಿಂಗ್ ನೋಡಿಕೊಂಡಿದ್ದಾರೆ. ವಾರಂಟಿಗೆ ಹೋದ ಮೋಟರ್‌ಗಳ ರಿಜಿಸ್ಟರ್ ಶುರು ಮಾಡಿದವರು ಅವರು. ಸರ್ವಿಸ್ ಟೀಮ್ ಬರೆದುಕೊಟ್ಟ ರಿಪೋರ್ಟ್‌ಗಳು ಮತ್ತು ಆ ರಿಜಿಸ್ಟರ್ ಸೇರಿ, ಇವತ್ತು ರೈತರು ಕೇಳಿದ ತಕ್ಷಣ ನಾವು ಉತ್ತರ ಕೊಡುತ್ತಿದ್ದೇವೆ.

ಜುಲೈ 1ರಿಂದ ಬ್ರಾಂಚ್‌ನ ಹಾಜರಿ, ರಜೆ, ಸ್ಟಾಕ್ ಮತ್ತು ಡೀಲರ್ ಆರ್ಡರ್‌ಗಳಿಗೆ ಮಂಜುಳಾ ಅವರನ್ನು ಕೇಳಿ. ಸರ್ವಿಸ್ ಭೇಟಿಗಳನ್ನು ಮೊದಲಿನಂತೆ ಹಿರಿಯ ಮೆಕ್ಯಾನಿಕ್ ಅವರೇ ನಿರ್ಧರಿಸುತ್ತಾರೆ. ದಾವಣಗೆರೆಯ ಬಿಲ್ಲಿಂಗ್ ಮತ್ತು ಸ್ಟೋರ್ ಕೆಲಸಕ್ಕೆ ಸದ್ಯ ಬಿಲ್ಲಿಂಗ್ ಸಹಾಯಕರನ್ನು ಕೇಳಿ. ಜುಲೈ 10ರವರೆಗೆ ಮಂಜುಳಾ ಅವರು ಅವರಿಗೆ ಜೊತೆಯಾಗಿರುತ್ತಾರೆ.

ಮಂಜುಳಾ ಅವರಿಗೆ ಅಭಿನಂದನೆ. ಇವತ್ತು ಸಂಜೆ ಐದಕ್ಕೆ ಆಫೀಸಿನಲ್ಲಿ ಎಲ್ಲರೂ ಸೇರೋಣ."

ಬಿಲ್ಲಿಂಗ್ ಸಹಾಯಕ, ಮೆಕ್ಯಾನಿಕ್ ಇಬ್ಬರ ಹೆಸರೂ ನಿಜವಾದ ಮೆಸೇಜ್‌ನಲ್ಲಿ ಇವೆ, ಇಲ್ಲಿ ತೆಗೆದಿದ್ದೇನೆ.

ಕೆ.ಬಿ. ಬಡಾವಣೆ

ಓದಿದೆ. ಸುತ್ತೋಲೆಯ ಹಾಗೆ ಆಗುತ್ತದೆ ಎಂದಿದ್ದೆ, ಹಾಗಾಗಿಲ್ಲ. ರಿಜಿಸ್ಟರ್ ಸಾಲು ಚೆನ್ನಾಗಿದೆ.

ದುರ್ಗದ ಹುಡುಗ

ಮೆಕ್ಯಾನಿಕ್ ಅಣ್ಣ ಗ್ರೂಪಿನಲ್ಲಿ ಏನಾದರೂ ಹಾಕಿದರಾ ಅಕ್ಕ?

ಪಿ.ಬಿ. ರೋಡ್ ಆಫೀಸು

ಇನ್ನೂ ಇಲ್ಲ. ಆದರೆ ಮಂಜುಳಾಗೆ ನೇರ ಫೋನ್ ಮಾಡಿ, ಬಾಕಿ ಇರುವ ನಾಲ್ಕು ಮೋಟರ್‌ಗಳ ರಿಪೋರ್ಟ್ ಒಂದನೇ ತಾರೀಕಿಗೆ ಮೇಜಿನ ಮೇಲೆ ಇರುತ್ತದೆ ಎಂದರಂತೆ.

ಜಗಳೂರು ಡೀಲರ್

ಮೇಡಂ, ಹಳೆ ಮ್ಯಾನೇಜರ್ ನಂಬರ್ ಏನಾಗುತ್ತದೆ? ನಮ್ಮ ಹಳ್ಳಿಯ ರೈತರ ಹತ್ತಿರ ಅದೇ ಇದೆ. ಬಿಲ್ಲಿನ ಮೇಲೂ ಅದೇ ಅಚ್ಚಾಗಿದೆ.

ಪಿ.ಬಿ. ರೋಡ್ ಆಫೀಸು

ಅದು ಅವರ ಸ್ವಂತ ಸಿಮ್ ಅಣ್ಣ, ಅವರ ಜೊತೆಯೇ ಹೋಯಿತು. ಇದನ್ನೇನು ಮಾಡುವುದು ಗೊತ್ತಾಗುತ್ತಿಲ್ಲ.

ಹರಿಹರ ನಿವೃತ್ತ

ಅವರ ಸಿಮ್ ಅವರದ್ದೇ, ಕೇಳುವ ಹಾಗಿಲ್ಲ. ರೈತರು ಫೋನ್ ಮಾಡಿದರೆ ಹೊಸ ನಂಬರ್ ಹೇಳಿ ಎಂದು ಸೌಜನ್ಯದಿಂದ ಕೇಳಬಹುದು ಅಷ್ಟೇ. ಬ್ರಾಂಚ್‌ಗೆ ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್ ಮಾಡಿಸಿ, ಡೀಲರ್‌ಗಳಿಗೆ ಕಳಿಸುವ ಮೆಸೇಜ್‌ನಲ್ಲಿ ಆ ನಂಬರ್ ಕೊಡಿ. ಮಂಜುಳಾ ಅವರ ಸ್ವಂತ ನಂಬರ್ ಕೊಡಬೇಡಿ. ಬಿಲ್ ಪುಸ್ತಕ ಹೊಸದು ಅಚ್ಚಾಗುವವರೆಗೆ ಒಂದು ರಬ್ಬರ್ ಸ್ಟಾಂಪ್ ಮಾಡಿಸಿ ಹಳೆ ನಂಬರ್ ಮೇಲೆ ಹೊಡೆಯಿರಿ. ಸಿಮ್ ಬರುವವರೆಗೆ ಡೀಲರ್ ಮೆಸೇಜ್ ತಡೆಹಿಡಿಯಿರಿ, ಜುಲೈ 1ರೊಳಗೆ ಹೋದರೆ ಸಾಕು.

ಪಿ.ಬಿ. ರೋಡ್ ಆಫೀಸು

ಆಯಿತು ಸರ್. ನಾಳೆ ಸಿಮ್‌ಗೆ ಅರ್ಜಿ ಹಾಕುತ್ತೇನೆ.